ಕಳಿಸುವ ಮುನ್ನ ಈ-ಮೇಲಿನಿಂದ ಸಿಟ್ಟನ್ನು ತೆಗೆಯುವುದು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ವಿಷಯದ ಮೇಲೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ, ಹೋಟೆಲಿನವರಿಗೂ ಮಿಲ್ಲಿನವರಿಗೂ ಈ-ಮೇಲಿನ ಗೊಡವೆ ಏಕೆ ಎಂದು ಕೆಲವರು ನಕ್ಕರಂತೆ. ಆದರೆ ಕಾಲ ಬದಲಾಗಿದೆ. ಪೆರಂಬೂರಿನ ಬಿನ್ನಿ ಮಿಲ್ಲು 1996ರಲ್ಲಿ ಮುಚ್ಚಿತು. ಅಲ್ಲಿ ಮೇಸ್ತ್ರಿಯ ಮುಂದೆ ನಿಂತು ದೂರು ಹೇಳುತ್ತಿದ್ದವರ ಮಕ್ಕಳು ಇಂದು ಆಫೀಸುಗಳಲ್ಲಿದ್ದಾರೆ. ಹೋಟೆಲುಗಳಲ್ಲಿಯೂ ಅಡುಗೆಮನೆಯ ಮೇಲ್ವಿಚಾರಕನಿಂದ ಹಿಡಿದು ಉಗ್ರಾಣದವನವರೆಗೆ ಹೆಡ್ಡಾಫೀಸಿಗೆ ಈ-ಮೇಲಿನಲ್ಲೇ ಲೆಕ್ಕ ಕಳಿಸಬೇಕಾಗಿದೆ. ಲೆಕ್ಕ ಹೋಗುವ ದಾರಿಯಲ್ಲೇ ಜಗಳವೂ ಹೋಗುತ್ತದೆ.

ಬಾಯಿಮಾತಿನ ಜಗಳಕ್ಕೂ ಈ ಜಗಳಕ್ಕೂ ಒಂದು ವ್ಯತ್ಯಾಸವಿದೆ. ಅಡುಗೆಮನೆಯಲ್ಲಿ ಬೈದ ಮಾತು ಒಗ್ಗರಣೆಯ ಹೊಗೆಯೊಡನೆ ಹೋಗುತ್ತದೆ, ಸಂಜೆ ಕಾಫಿ ಕುಡಿಯುವಾಗ ಇಬ್ಬರೂ ಮರೆತಿರುತ್ತಾರೆ. ಬರೆದು ಕಳಿಸಿದ್ದು ಹಾಗಲ್ಲ. ಅದನ್ನು ಮುಂದಿನ ವರ್ಷ, ಬೇರೊಬ್ಬ ಮ್ಯಾನೇಜರು, ನಿಮ್ಮ ಮುಖ ನೋಡದೆಯೇ ಓದುತ್ತಾನೆ. 2005ರಲ್ಲಿ ಅಮೆರಿಕದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮೊದಲಾದ ಮನಶ್ಶಾಸ್ತ್ರಜ್ಞರು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಕೆಲವರಿಂದ ವ್ಯಂಗ್ಯದ ಮಾತುಗಳನ್ನೂ ನೇರವಾದ ಮಾತುಗಳನ್ನೂ ಈ-ಮೇಲಿನಲ್ಲಿ ಕಳಿಸಿದರು. ತಮ್ಮ ಭಾವ ನೂರಕ್ಕೆ 78 ಸಲ ಓದುವವರಿಗೆ ತಿಳಿಯುತ್ತದೆಂದು ಬರೆದವರು ನಂಬಿದ್ದರು. ತಿಳಿದದ್ದು 56 ಸಲ ಮಾತ್ರ. ನಾಣ್ಯ ಚಿಮ್ಮಿ ಹೇಳಿದರೂ ಐವತ್ತು ಸಲ ಸರಿಹೋಗುತ್ತದೆ! ಬರೆಯುವವನ ಕಿವಿಯಲ್ಲಿ ತನ್ನ ಧ್ವನಿ ಕೇಳುತ್ತಿರುತ್ತದೆ, ಓದುವವನಿಗೆ ಅದು ಕೇಳಿಸುವುದಿಲ್ಲ.

ಇನ್ನು ವಿಷಯಕ್ಕೆ ಬರೋಣ. ನಾವು ಮಾಡಿದ ಕೆಲಸಕ್ಕೆ ಜೊತೆಯವನು ತನ್ನ ಹೆಸರು ಹಾಕಿಕೊಂಡಾಗ ಬರೆಯುವ ಈ-ಮೇಲು ಎಂಥದು? ಒಂದು ಪ್ರಸಂಗವನ್ನು ಹೆಸರುಗಳನ್ನು ಬಿಟ್ಟು ಹೇಳುತ್ತೇನೆ. ನಗರದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ನಮ್ಮ ಕಡೆಯ ತರುಣನೊಬ್ಬ ಮೇಲ್ವಿಚಾರಕ. ಅಲ್ಲಿ ದಿನದ ದೋಸೆ ಹಿಟ್ಟನ್ನೆಲ್ಲ ಹಿಂದಿನ ಸಂಜೆ ಒಂದೇ ಸಲಕ್ಕೆ ರುಬ್ಬುತ್ತಿದ್ದರು. ಈ ಊರಿನ ಸೆಕೆ ನಿಮಗೆ ಗೊತ್ತೇ ಇದೆ. ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಹುಳಿಯೇರಿ, ಉಳಿದದ್ದು ಮೋರಿಗೆ ಹೋಗುತ್ತಿತ್ತು. ಆತ ಮಾರ್ಚ್ 3ರಿಂದ 30ರವರೆಗೆ ದಿನವೂ ರಾತ್ರಿ ಉಳಿದ ಹಿಟ್ಟನ್ನು ತೂಗಿ ಪುಸ್ತಕದಲ್ಲಿ ಬರೆದ. ದಿನಕ್ಕೆ ಸುಮಾರು 14 ಕಿಲೋ. ಸಂಜೆ ಅರ್ಧ, ಬೆಳಗಿನ ಜಾವ ಅರ್ಧ ರುಬ್ಬಿದರೆ ಇದು ಕಡಮೆಯಾದೀತೆಂದು ಏಪ್ರಿಲ್ 2ರಂದು ಮ್ಯಾನೇಜರಿಗೆ ಬರೆದ. ಹಾಗೆ ಮಾಡಿದ ಮೇಲೆ 5 ಕಿಲೋಗೆ ಇಳಿಯಿತು. ಮೇ 6ರಂದು ಹೆಡ್ಡಾಫೀಸಿಗೆ ಹೋದ ವರದಿಯಲ್ಲಿ ಇದೆಲ್ಲ ಇತ್ತು. ಕೆಳಗಿದ್ದದ್ದು ಮಾತ್ರ ಬಿಲ್ಲಿಂಗ್ ವಿಭಾಗದ ಇನ್ನೊಬ್ಬನ ಹೆಸರು.

ಅಂದು ರಾತ್ರಿ ಹನ್ನೊಂದಕ್ಕೆ ಪಾಳಿ ಮುಗಿಸಿ, ನಿಂತಲ್ಲೇ ಫೋನಿನಲ್ಲಿ ಆತ ಬರೆದದ್ದು ಹೀಗಿತ್ತು:

“ವರದಿ ನೋಡಿ ಆಘಾತವಾಯಿತು. ಹಿಟ್ಟಿನ ಯೋಜನೆ ಪೂರ್ತಿ ನನ್ನದು. ಆತ ಅಡುಗೆಮನೆಗೆ ಕಾಲಿಟ್ಟವನೇ ಅಲ್ಲ. ಯಾವಾಗಲೂ ಇನ್ನೊಬ್ಬರ ಕೆಲಸ ಕದಿಯುವವನೇ, ಎಲ್ಲರಿಗೂ ಗೊತ್ತು. ಇದು ಚೀಟಿಂಗ್. ಹನ್ನೆರಡು ವರ್ಷ ದುಡಿದಿದ್ದಕ್ಕೆ ಇದೇ ಮರ್ಯಾದೆಯೋ? ನೀವು ಕ್ರಮ ತೆಗೆದುಕೊಳ್ಳದಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತು.”

ಬಂಧುಗಳೇ, ಇದರಲ್ಲಿ ತಾರೀಖು ಎಷ್ಟಿವೆ ಎಂದು ಎಣಿಸಿ. ಒಂದೂ ಇಲ್ಲ. ಇಪ್ಪತ್ತೆಂಟು ರಾತ್ರಿ ತೂಗಿ ಬರೆದ ಪುಸ್ತಕವೊಂದು ಇದೆಯೆಂಬ ಸುದ್ದಿಯೇ ಇಲ್ಲ. ಸಿಟ್ಟು ಬಂದವನು ತನ್ನ ಕೈಯಲ್ಲಿರುವ ಗಟ್ಟಿ ಸಾಕ್ಷಿಯನ್ನು ಮರೆತು, ಎದುರಿನವನ ಗುಣವನ್ನು ವರ್ಣಿಸಲು ಕೂಡುತ್ತಾನೆ. ಆದುದರಿಂದ ಸಿಟ್ಟನ್ನು ತೆಗೆಯುವುದೆಂದರೆ ‘ಕದ್ದ’ ಎಂಬಲ್ಲಿ ‘ತೆಗೆದುಕೊಂಡ’ ಎಂದು ಬರೆದು ಮಾತನ್ನು ಮೆತ್ತಗೆ ಮಾಡುವುದಲ್ಲ. ಪ್ರತಿಯೊಂದು ವಾಕ್ಯದ ಮೇಲೂ ಬೆರಳಿಟ್ಟು, “ಇದಕ್ಕೆ ಪುಸ್ತಕದಲ್ಲಿ ಪುಟ ತೋರಿಸಬಲ್ಲೆನೇ?” ಎಂದು ಕೇಳಿಕೊಳ್ಳಬೇಕು.

“ಪೂರ್ತಿ ನನ್ನದು” ಎಂಬುದನ್ನು ನೋಡಿ. ಯಾವ ಗಂಟೆಯಲ್ಲಿ ಎಷ್ಟು ದೋಸೆ ಮಾರಾಟವಾಗುತ್ತದೆಂಬ ಅಂಕಿಯನ್ನು ಬಿಲ್ಲಿಂಗ್ ಯಂತ್ರದಿಂದ ತೆಗೆದುಕೊಟ್ಟವನು ಆ ಇನ್ನೊಬ್ಬನೇ. ಅದಿಲ್ಲದೆ ಸಂಜೆಗೆಷ್ಟು, ಜಾವಕ್ಕೆಷ್ಟು ಎಂದು ಪಾಲು ಮಾಡುವಂತಿರಲಿಲ್ಲ. ಆತ ಆ ಒಂದು ಅಂಕಿಯನ್ನು ತೋರಿಸಿದರೆ ಸಾಕು, ‘ಪೂರ್ತಿ’ ಎಂಬ ಮಾತು ಬಿದ್ದುಹೋಗುತ್ತದೆ. ಬೀಳುವಾಗ ಉಳಿದ ನಿಜವನ್ನೂ ಎಳೆದುಕೊಂಡು ಬೀಳುತ್ತದೆ. ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. 1979ರಲ್ಲಿ ಮೈಕೇಲ್ ರಾಸ್, ಫಿಯೋರೆ ಸಿಕೋಲಿ ಎಂಬ ಇಬ್ಬರು, ಮನೆಗೆಲಸದಲ್ಲಿ ತಮ್ಮ ತಮ್ಮ ಪಾಲೆಷ್ಟು ಎಂದು ಗಂಡಹೆಂಡಿರನ್ನು ಬೇರೆಬೇರೆಯಾಗಿ ಕೇಳಿದರು. ಬಹುಪಾಲು ಕೆಲಸಗಳಲ್ಲಿ ಎರಡು ಉತ್ತರಗಳನ್ನು ಕೂಡಿದರೆ ನೂರನ್ನು ಮೀರುತ್ತಿತ್ತು. ಸುಳ್ಳು ಹೇಳಬೇಕೆಂದಲ್ಲ, ತಾನು ಮಾಡಿದ್ದು ತನಗೆ ಚೆನ್ನಾಗಿ ನೆನಪಿರುತ್ತದೆ, ಅಷ್ಟೆ. ಹಾಗೆಂದು ಹೆಸರು ಬಿಟ್ಟವನನ್ನು ನಾನು ಸಮರ್ಥಿಸುತ್ತಿಲ್ಲ. ಆತ ಬೇಕೆಂದೇ ಮಾಡಿದನೆಂದು ಬರೆದರೆ, ಅದನ್ನು ಸ್ಥಾಪಿಸುವ ಹೊರೆ ನಿಮ್ಮ ತಲೆಯ ಮೇಲೆ ಬರುತ್ತದೆ. ಹೆಸರು ಇಲ್ಲವೆಂಬುದನ್ನು ಸ್ಥಾಪಿಸಲು ವರದಿಯ ಒಂದು ಪ್ರತಿ ಸಾಕು.

“ಯಾವಾಗಲೂ” ಎಂಬುದಕ್ಕೂ “ಎಲ್ಲರಿಗೂ ಗೊತ್ತು” ಎಂಬುದಕ್ಕೂ ಪುಟವಿಲ್ಲ. ಹೊಡೆದುಹಾಕಿ.

“ಚೀಟಿಂಗ್” ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ನಮಗೆ ಸಿಟ್ಟು ಬರುವುದು ಕನ್ನಡದಲ್ಲಿ ಅಥವಾ ತುಳುವಿನಲ್ಲಿ, ಬೀದಿಯಲ್ಲಿ ಆಡುವುದು ತಮಿಳು, ಹೆಡ್ಡಾಫೀಸಿಗೆ ಬರೆಯುವುದು ಇಂಗ್ಲಿಷಿನಲ್ಲಿ. ಇಸ್ಪೀಟಿನ ಆಟದಲ್ಲೂ ನಾವು ‘ಮೋಸ, ಮೋಸ’ ಎಂದು ಕೂಗುತ್ತೇವೆ. ಇಂಗ್ಲಿಷಿನಲ್ಲಿ ಬರೆದಾಗ ಅದು ಅಪರಾಧವೊಂದರ ಹೆಸರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ಅದೇ. ಒಬ್ಬನ ಮೇಲೆ ಅಂಥ ಆರೋಪವನ್ನು ಬರೆದು ನಾಲ್ವರಿಗೆ ಕಳಿಸಿದರೆ, ಆತ ಮಾನನಷ್ಟದ 356ನೆಯ ಕಲಮನ್ನು ಹಿಡಿದುಕೊಂಡು ಬರಲೂ ಬಹುದು. ಪರಭಾಷೆಯ ಬೈಗುಳಕ್ಕೆ ನಮ್ಮ ನಾಲಗೆಯ ಮೇಲೆ ಭಾರ ತಿಳಿಯುವುದಿಲ್ಲ. ಆದ್ದರಿಂದ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡಕ್ಕೆ ತಿರುಗಿಸಿ, ಮ್ಯಾನೇಜರ ಮೇಜಿನೆದುರು ನಿಂತು ಆಡಬಲ್ಲೆವೇ ಎಂದು ಗಟ್ಟಿಯಾಗಿ ಓದಿಕೊಳ್ಳುವುದು ಒಳ್ಳೆಯದು. ಬಾಯಿಗೆ ಬಾರದ ಮಾತು ಕಾಗದದಲ್ಲೂ ಇರಬೇಕಾಗಿಲ್ಲ.

ಹನ್ನೆರಡು ವರ್ಷದ ದುಡಿಮೆ ನಿಜ, ಆದರೆ ಅದು ಬಡ್ತಿಯನ್ನೋ ಸಂಬಳವನ್ನೋ ಕೇಳುವ ಪತ್ರಕ್ಕೆ ಸೇರಿದ್ದು. ಕೊನೆಯ ಬೆದರಿಕೆಯಂತೂ ಓದಿದವನನ್ನು ಆತ್ಮರಕ್ಷಣೆಗೆ ಇಳಿಸುತ್ತದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಏನಾಗಬೇಕೆಂದು ಆತ ಎಲ್ಲಿಯೂ ಕೇಳಿಲ್ಲ. ‘ಕ್ರಮ’ ಎಂದರೆ ಏನು? ಅವನನ್ನು ಕೆಲಸದಿಂದ ತೆಗೆಯಬೇಕೇ, ಕ್ಷಮೆ ಕೇಳಿಸಬೇಕೇ, ವರದಿ ತಿದ್ದಬೇಕೇ?

ಅದೃಷ್ಟಕ್ಕೆ ಆತ ಅಂದು ಕಳಿಸಲಿಲ್ಲ. ಮರುದಿನ ಮಧ್ಯಾಹ್ನ ಊಟದ ಗಿರಾಕಿಗಳು ಕರಗಿದ ಮೇಲೆ ಕುಳಿತು, ಹಿರಿಯರೊಬ್ಬರ ಜೊತೆ ಸೇರಿ ಹೀಗೆ ಬರೆದ:

“ಮಾನ್ಯರೇ, ಮೇ 6ರ ವರದಿಯಲ್ಲಿರುವ ದೋಸೆ ಹಿಟ್ಟಿನ ಲೆಕ್ಕಕ್ಕೆ ಒಂದು ವಿವರ ಸೇರಿಸಲು ಬರೆಯುತ್ತಿದ್ದೇನೆ. ಮಾರ್ಚ್ 3ರಿಂದ 30ರವರೆಗೆ ಉಳಿದ ಹಿಟ್ಟನ್ನು ದಿನವೂ ತೂಗಿ ಬರೆದವನು ನಾನು. ಎರಡು ಸಲ ರುಬ್ಬುವ ಕ್ರಮವನ್ನು ಏಪ್ರಿಲ್ 2ರಂದು ತಮಗೆ ಸೂಚಿಸಿದ್ದೆ. ಆ ಈ-ಮೇಲೂ ಪುಸ್ತಕದ ಪುಟಗಳ ಚಿತ್ರಗಳೂ ಇದರೊಂದಿಗೆ ಇವೆ. ಗಂಟೆವಾರು ಮಾರಾಟದ ಅಂಕಿಗಳನ್ನು ಕೊಟ್ಟವರು ಬಿಲ್ಲಿಂಗ್ ವಿಭಾಗದವರು. ವರದಿಯಲ್ಲಿ ನನ್ನ ಹೆಸರು ಇಲ್ಲ. ಜೂನ್ ಸಭೆಗೆ ಹೋಗುವ ಪ್ರತಿಯಲ್ಲಿ ಇಬ್ಬರ ಹೆಸರನ್ನೂ ಸೇರಿಸಬೇಕೆಂದು ಕೋರುತ್ತೇನೆ.”

ಇಲ್ಲಿ ಸಿಟ್ಟಿಲ್ಲ, ಹಕ್ಕು ಇದೆ. ನಮ್ಮವರು ಇನ್ನೊಂದು ಕಡೆಗೆ ವಾಲುವುದೂ ಉಂಟು. ಸಿಟ್ಟು ತೆಗೆಯಹೋಗಿ, “ಹೆಸರು ಇಲ್ಲದಿದ್ದರೂ ಪರವಾಗಿಲ್ಲ, ಸುಮ್ಮನೆ ತಿಳಿಸಿದೆ” ಎಂದು ಸೇರಿಸಿಬಿಡುತ್ತಾರೆ. ಪರವಾಗಿಲ್ಲವೆಂದು ನೀವೇ ಬರೆದ ಮೇಲೆ ಮ್ಯಾನೇಜರು ಏಕೆ ಕೈ ಹಾಕಬೇಕು? ಪತ್ರ ಸರಿಯಾಗಿದೆಯೇ ಎಂದು ತಿಳಿಯಲು, ಸಂಗತಿ ಗೊತ್ತಿಲ್ಲದ ಗೆಳೆಯನೊಬ್ಬನಿಗೆ ಓದಲು ಕೊಟ್ಟು ಎರಡೇ ಪ್ರಶ್ನೆ ಕೇಳಿ: ಇವನು ಏನು ಕೇಳುತ್ತಿದ್ದಾನೆ? ಇವನಿಗೆ ಯಾರ ಮೇಲೆ ಕೋಪ? ಮೊದಲನೆಯದಕ್ಕೆ ತಟ್ಟನೆ ಉತ್ತರ ಬರಬೇಕು, ಎರಡನೆಯದಕ್ಕೆ ಗೆಳೆಯ ತಡವರಿಸಬೇಕು.

ಯಂತ್ರದ ಕಡೆಯಿಂದಲೂ ಸ್ವಲ್ಪ ಎಚ್ಚರ ಬೇಕು. ವರದಿ ಬಂದ ಈ-ಮೇಲಿಗೇ ಉತ್ತರವಾಗಿ ಬರೆಯಬೇಡಿ. Reply all ಎಂಬುದನ್ನು ಬೆರಳು ತಾಗಿದರೆ ವಿಷಯ ಹತ್ತು ಜನರ ಮುಂದೆ ಹೋಗುತ್ತದೆ. ಹೊಸದಾಗಿ ತೆರೆದು, To ಎಂಬಲ್ಲಿ ಏನನ್ನೂ ತುಂಬದೆ ಬರೆಯಿರಿ. ವಿಳಾಸವಿಲ್ಲದ ಪತ್ರ ಕೈತಪ್ಪಿಯೂ ಹೋಗಲಾರದು. ಜಿ-ಮೇಲಿನಲ್ಲಿ Undo Send ಎಂಬ ಸೌಕರ್ಯವಿದೆ. ಕಂಪ್ಯೂಟರಿನಲ್ಲಿ Settings ತೆರೆದು ಅದನ್ನು 30 ಸೆಕೆಂಡಿಗೆ ಏರಿಸಿಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಮೂವತ್ತು ಸೆಕೆಂಡಿನಲ್ಲಿ ವಿಳಾಸ ತಪ್ಪಾದದ್ದು ಹೊಳೆಯಬಹುದು, ಸಿಟ್ಟು ಇಳಿಯುವುದಿಲ್ಲ. ಅದಕ್ಕೆ ಒಂದು ರಾತ್ರಿಯ ನಿದ್ದೆ ಬೇಕು. ಆದರೆ ವಾರಗಟ್ಟಲೆ ತಡ ಮಾಡಿದರೆ ವರದಿ ಸಭೆಯಲ್ಲಿ ಒಪ್ಪಿಗೆಯಾಗಿ, ತಿದ್ದಲು ಏನೂ ಉಳಿದಿರುವುದಿಲ್ಲ.

ಕಳಿಸುವ ಮುಂಚೆ ಆ ಜೊತೆಯವನನ್ನೇ ಒಮ್ಮೆ ಕೇಳುವುದು ಮೇಲು. ನಮ್ಮ ತರುಣ ಕೇಳಿದ. ಬಂದ ಉತ್ತರ: “ಅಣ್ಣಾ, ಅಂಕಿ ಒಟ್ಟುಮಾಡಿ ಕಳಿಸೆಂದರು, ಕಳಿಸಿದೆ. ನಿನ್ನ ಹೆಸರು ಹಾಕಬಾರದೆಂದು ಯಾರೂ ಹೇಳಲಿಲ್ಲ.” ಹಾಕೆಂದೂ ಯಾರೂ ಹೇಳಿರಲಿಲ್ಲವಲ್ಲ! ಆದರೂ ಅವನೆದುರಿಗೇ ಆ ಪತ್ರವನ್ನು ಓದಿ, Cc ಎಂಬಲ್ಲಿ ಅವನ ವಿಳಾಸವನ್ನೂ ಸೇರಿಸಿ ಕಳಿಸಿದ. ಬೆನ್ನ ಹಿಂದೆ ಬರೆದನೆಂಬ ಮಾತಿಗೆ ಎಡೆಯಿರಲಿಲ್ಲ.

ಎಲ್ಲ ಪ್ರಸಂಗಗಳೂ ಇಷ್ಟಕ್ಕೆ ತೀರುವುದಿಲ್ಲ. ಹೆಸರಿನ ಜೊತೆಗೆ ಬೋನಸ್ಸೋ ಬಡ್ತಿಯೋ ಹೋಗಿದ್ದರೆ, ಅಥವಾ ಹೆಸರು ಅಳಿಸಿದವರು ಮೇಲಿನ ಅಧಿಕಾರಿಯೇ ಆಗಿದ್ದರೆ, ಒಬ್ಬನ ಈ-ಮೇಲಿನಿಂದ ಕೆಲಸವಾಗಲಿಕ್ಕಿಲ್ಲ; ಆಗ ಸಂಘದ ಬಳಿಗೆ ಬನ್ನಿ. ಬರುವಾಗ ಇಂಥದೇ ಪತ್ರದ ಪ್ರತಿಯನ್ನು ತನ್ನಿ. ತಾರೀಖು, ಪುಟ, ಕೋರಿಕೆ ಮೂರೂ ಇರುವ ಕಾಗದವನ್ನು ಹಿಡಿದು ನಿಮ್ಮ ಪರವಾಗಿ ಮಾತನಾಡುವುದು ಸುಲಭ.

ಹೆಡ್ಡಾಫೀಸಿನಿಂದ ನಾಲ್ಕನೆಯ ದಿನ ಎರಡು ಸಾಲಿನ ಉತ್ತರ ಬಂತು. ಜೂನ್ ಸಭೆಯ ಪ್ರತಿಯಲ್ಲಿ ಇಬ್ಬರ ಹೆಸರೂ ಇದ್ದವು, ಇವನದು ಎರಡನೆಯದಾಗಿ. ಅದಕ್ಕೆ ಸ್ವಲ್ಪ ಗೊಣಗಿದ. ಮೊದಲ ರಾತ್ರಿ ಬರೆದದ್ದು Drafts ಎಂಬಲ್ಲಿ ಇನ್ನೂ ಕುಳಿತಿತ್ತು. ಅದನ್ನು ಅಂದೇ ಅಳಿಸಿಹಾಕಲು ಹೇಳಿದೆವು.