ಜಾತ್ರೆಯ ದಾಳ, ಹತ್ತನೇ ತರಗತಿಯ ಲೆಕ್ಕ
(ಸುವರ್ಣ ಮಹೋತ್ಸವದ ಗುರುವಂದನಾ ಸಭೆಯಲ್ಲಿ ಮಾಡಿದ ಭಾಷಣ)



ಗಣಿತದ ಮೇಷ್ಟ್ರು ಮೈಕ್ ಹಿಡಿದರೆ ಸಭೆ ಖಾಲಿಯಾಗುತ್ತದೆ ಎಂಬ ಭಯ ನನಗೂ ಇದೆ. ಆದ್ದರಿಂದ ಒಂದೇ ಪಾಠದ ಬಗ್ಗೆ ಮಾತಾಡುತ್ತೇನೆ. ಅದು ಸಂಭವನೀಯತೆ. ಈ ಪಾಠಕ್ಕಾಗಿ ನಾನು ತರಗತಿಗೆ ದಾಳ ಮತ್ತು ಇಸ್ಪೀಟು ತಂದಾಗ, ‘ಮೇಷ್ಟ್ರು ಮಕ್ಕಳಿಗೆ ಜೂಜು ಕಲಿಸ್ತಾರೆ’ ಎಂದು ಕೆಲವು ಪೋಷಕರು ಕೇಳಲು ಬಂದಿದ್ದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಯುಗಾದಿಯ ಮಾರನೆಯ ದಿನ ಹಳ್ಳಿ ಹಳ್ಳಿಯಲ್ಲಿ ಏನು ನಡೆಯುತ್ತದೆ ಎಂದು ನಾನು ಇಲ್ಲಿ ಹೇಳಬೇಕಾಗಿಲ್ಲ. ಅವತ್ತು ಅವರಿಗೆ ಅರ್ಧ ಉತ್ತರ ಕೊಟ್ಟಿದ್ದೆ. ಉಳಿದದ್ದನ್ನು ಇವತ್ತು ಕೊಡುತ್ತೇನೆ.

ಮೊದಲು ನಾಣ್ಯ. ನಾಣ್ಯ ಚಿಮ್ಮಿದಾಗ ಸತತ ಐದು ಸಲ ಹೆಡ್ ಬಿದ್ದಿದೆ. ಮುಂದಿನದು ಏನು? ಈ ಪ್ರಶ್ನೆಗೆ ತರಗತಿಯ ಮುಕ್ಕಾಲು ಪಾಲು ಮಕ್ಕಳು ‘ಟೈಲ್ ಸಾರ್, ಇನ್ನು ಬರಲೇಬೇಕಲ್ಲ’ ಎನ್ನುತ್ತಾರೆ. ತಪ್ಪು ಎಂದು ನಾನು ಹೇಳುತ್ತಿರಲಿಲ್ಲ. ಮನೆಗೆಲಸ ಕೊಡುತ್ತಿದ್ದೆ. ಅರ್ಧ ಮಕ್ಕಳು ನಿಜವಾಗಿ ನೂರು ಸಲ ನಾಣ್ಯ ಚಿಮ್ಮಿ ಬರೆಯಬೇಕು, ಉಳಿದವರು ಚಿಮ್ಮದೆ ಮನಸ್ಸಿನಿಂದಲೇ ನೂರು ಬರೆಯಬೇಕು. ಯಾರು ಯಾವುದನ್ನು ಮಾಡಿದರೆಂದು ನನಗೆ ಹೇಳಬಾರದು. ಮಾರನೆಯ ದಿನ ಹಾಳೆ ನೋಡಿ ‘ಇದು ಕಳ್ಳ, ಇದು ಅಸಲು’ ಎಂದು ವಿಂಗಡಿಸುತ್ತಿದ್ದೆ, ಬಹುಪಾಲು ಸರಿಯಾಗುತ್ತಿತ್ತು. ಮಂತ್ರವೇನೂ ಇಲ್ಲ. ಮನಸ್ಸಿನಿಂದ ಬರೆಯುವವರಿಗೆ ಒಂದೇ ಮುಖವನ್ನು ನಾಲ್ಕು ಸಲಕ್ಕಿಂತ ಹೆಚ್ಚು ಸಾಲಾಗಿ ಬರೆಯಲು ಕೈ ಬರುವುದಿಲ್ಲ. ನಿಜವಾದ ನೂರು ಚಿಮ್ಮುಗಳಲ್ಲಿ ಎಲ್ಲೋ ಒಂದು ಕಡೆ ಸತತ ಐದು ಅಥವಾ ಹೆಚ್ಚು ಒಂದೇ ಮುಖ ಬರುವ ಸಾಧ್ಯತೆ ನೂರಕ್ಕೆ 97.

ಆಮೇಲೆ ಇಸ್ಪೀಟು ಕಟ್ಟು. 52 ಎಲೆ, 26 ಕೆಂಪು, 26 ಕಪ್ಪು. ಐದು ಎಲೆ ತೆಗೆದೆವು, ಐದೂ ಕೆಂಪು, ವಾಪಸು ಹಾಕಲಿಲ್ಲ. ಉಳಿದ 47ರಲ್ಲಿ ಕೆಂಪು 21, ಕಪ್ಪು 26. ಈಗ ‘ಇನ್ನು ಕಪ್ಪೇ ಬರುವ ಸಾಧ್ಯತೆ ಹೆಚ್ಚು’ ಎನ್ನುವುದು ಸರಿ. ಇಲ್ಲಿ ನನ್ನ ಪ್ರಶ್ನೆ ಇಷ್ಟೇ: ನಾಣ್ಯಕ್ಕೂ ಕಟ್ಟಿಗೂ ಏನು ವ್ಯತ್ಯಾಸ? ಒಬ್ಬ ಹುಡುಗ ಎದ್ದು, ‘ಕಟ್ಟಿಗೆ ನೆನಪಿರುತ್ತೆ ಸಾರ್, ನಾಣ್ಯಕ್ಕೆ ಇರಲ್ಲ’ ಎಂದ. ಪಠ್ಯಪುಸ್ತಕ ಒಂದು ಪುಟದಲ್ಲಿ ಹೇಳುವುದು ಅಷ್ಟರಲ್ಲೇ ಮುಗಿದಿತ್ತು.

ಈಗ ದಾಳಕ್ಕೆ ಬರುತ್ತೇನೆ. ಜಾತ್ರೆಯಲ್ಲಿ ಹಾಳೆ ಹಾಸಿ, ಆರು ಚಿತ್ರ ಬರೆದು, ಡಬ್ಬಿಯಲ್ಲಿ ಮೂರು ದಾಳ ಅಲ್ಲಾಡಿಸುವ ಆಟವನ್ನು ನೀವು ನೋಡಿದ್ದೀರಿ. ಒಂದು ಚಿತ್ರದ ಮೇಲೆ ಒಂದು ರೂಪಾಯಿ ಕಟ್ಟಿ. ಆ ಚಿತ್ರ ಒಂದು ದಾಳದಲ್ಲಿ ಬಂದರೆ ನಿಮ್ಮ ರೂಪಾಯಿಯ ಜೊತೆಗೆ ಒಂದು, ಎರಡರಲ್ಲಿ ಬಂದರೆ ಎರಡು, ಮೂರರಲ್ಲೂ ಬಂದರೆ ಮೂರು ರೂಪಾಯಿ. ಎಲ್ಲೂ ಬರದಿದ್ದರೆ ಮಾತ್ರ ನಿಮ್ಮ ದುಡ್ಡು ಹೋಗುತ್ತದೆ. ಲೆಕ್ಕ ಗೊತ್ತಿಲ್ಲದವನಿಗೆ ಈ ಆಟ ಬಹಳ ಧರ್ಮದ ಆಟವಾಗಿ ಕಾಣುತ್ತದೆ.

ತರಗತಿಯಲ್ಲಿ ಚಿತ್ರದ ಬದಲು ಅಂಕಿ, ರೂಪಾಯಿಯ ಬದಲು ಹುಣಸೆಬೀಜ. ಗುಂಪಿಗೆ ನಾಲ್ವರು, ಒಬ್ಬ ಅಂಗಡಿಯವನು, ಮೂವರು ಆಟಗಾರರು, ಒಬ್ಬೊಬ್ಬರ ಕೈಯಲ್ಲಿ 40 ಬೀಜ. ಲೋಟದಲ್ಲಿ ಮೂರು ದಾಳ ಅಲ್ಲಾಡಿಸಿ 72 ಸಲ ಹಾಕಬೇಕು, ಪ್ರತಿ ಸಲ ಒಂದು ಬೀಜ. ಅದಕ್ಕೆ ಮೊದಲು ಎಲ್ಲರೂ ‘ಈ ಆಟ ಸಮವೋ, ಅಲ್ಲವೋ? ಏಕೆ?’ ಎಂಬುದಕ್ಕೆ ಪೆನ್ನಿನಲ್ಲಿ ಉತ್ತರ ಬರೆದಿಡಬೇಕು. ಪೆನ್ಸಿಲ್ ಬೇಡ, ಆಮೇಲೆ ಅಳಿಸುತ್ತಾರೆ. ಹೆಚ್ಚಿನವರು ಬರೆಯುತ್ತಿದ್ದದ್ದು ಒಂದೇ: ಆರು ಅಂಕಿ, ಮೂರು ದಾಳ, ಆದ್ದರಿಂದ ಗೆಲ್ಲುವ ಅವಕಾಶ ಸರಿಯಾಗಿ ಅರ್ಧ. ಮೇಲೆ ಎರಡು, ಮೂರು ಬೀಜ ಸಿಗುವ ಯೋಗ ಬೇರೆ, ಹಾಗಾಗಿ ಆಟಗಾರನಿಗೇ ಲಾಭ!

ಒಂದು ಎಚ್ಚರಿಕೆ, ಮೇಷ್ಟ್ರುಗಳಿಗೆ. ಅಗ್ಗದ ಪ್ಲಾಸ್ಟಿಕ್ ದಾಳ ಕೆಲವೊಮ್ಮೆ ಒಂದು ಕಡೆಗೆ ವಾಲಿರುತ್ತದೆ. ಮೊದಲೇ 120 ಸಲ ಹಾಕಿ ನೋಡಿ. ಪ್ರತಿ ಮುಖವೂ 20ರ ಆಸುಪಾಸಿನಲ್ಲಿರಬೇಕು. ಹನ್ನೆರಡೋ ಇಪ್ಪತ್ತೆಂಟೋ ಬಂದರೂ ಗಾಬರಿ ಬೇಡ. ಒಂದೇ ಮುಖ ಮೂವತ್ತೈದು ದಾಟಿದರೆ ಆ ದಾಳ ಬಿಸಾಡಿ.

ಒಂದು ವರ್ಷ ಎಂಟು ಗುಂಪು, 24 ಆಟಗಾರರು. ಆಟ ಮುಗಿದಾಗ ಏಳು ಮಂದಿ ಲಾಭದಲ್ಲಿದ್ದರು. ಒಬ್ಬನ ಹತ್ತಿರ 53 ಬೀಜ! ಅವನು ತನ್ನ ‘ವಿದ್ಯೆ’ಯನ್ನು ಎಲ್ಲರಿಗೂ ಹೇಳಿಕೊಡಲು ಶುರುಮಾಡಿದ: ಎರಡು ಸಲ ಬರದ ಅಂಕಿಗೆ ಕಟ್ಟಬೇಕಂತೆ. ನಾನು ತಡೆಯಲಿಲ್ಲ. ಬೋರ್ಡಿನ ಮೇಲೆ ಎಂಟು ಅಂಗಡಿಗಳ ಲೆಕ್ಕವನ್ನು ಒಟ್ಟುಗೂಡಿಸಿದೆವು. ಅಂಗಡಿಯವರ ಲಾಭ 121 ಬೀಜ. ಗೆದ್ದವರು ಮಾತಾಡುತ್ತಿದ್ದರು, ಸೋತ ಹದಿನೇಳು ಮಂದಿ ಸುಮ್ಮನಿದ್ದರು. ಜಾತ್ರೆಯಲ್ಲೂ ನಮಗೆ ಕೇಳಿಸುವುದು ಗೆದ್ದವನ ದನಿಯೊಂದೇ.

‘ಲಾಭ ಎಲ್ಲಿಂದ ಬಂತು?’ ಎಂಬುದು ಮುಂದಿನ ಪ್ರಶ್ನೆ. ಸೂತ್ರದ ದಾರಿ ಹೀಗೆ. ಮೂರು ದಾಳ ಬೀಳುವ ರೀತಿ 6×6×6 = 216. ನಿಮ್ಮ ಅಂಕಿ ಎಲ್ಲೂ ಬರದಿರುವುದು 5×5×5 = 125. ಒಂದು ಸಲ ಬರುವುದು 75, ಎರಡು ಸಲ 15, ಮೂರೂ ಬರುವುದು 1. ಅಂದರೆ ಗೆಲ್ಲುವ ದಾರಿ 91 ಮಾತ್ರ, ಅರ್ಧವಾದ 108 ಅಲ್ಲ. ಕಳೆದುಕೊಳ್ಳುವುದು 125 ಬೀಜ, ಸಿಗುವುದು 75, 30 ಮತ್ತು 3 ಸೇರಿ 108. 216 ಸಲಕ್ಕೆ 17 ಬೀಜ ಅಂಗಡಿಗೆ, ನೂರು ರೂಪಾಯಿಗೆ ಸುಮಾರು ಎಂಟು ರೂಪಾಯಿ.

ಆದರೆ ಅದೇ ತರಗತಿಯಲ್ಲಿ, ಲೆಕ್ಕದಲ್ಲಿ ಮೂವತ್ತೈದು ದಾಟದ ಹುಡುಗಿಯೊಬ್ಬಳು ಇದಕ್ಕಿಂತ ಒಳ್ಳೆಯ ದಾರಿ ತೋರಿಸಿದಳು. ‘ಸಾರ್, ಆರು ಜನ ಆರೂ ಅಂಕಿಗೆ ಒಂದೊಂದು ಬೀಜ ಕಟ್ಟಲಿ’ ಎಂದಳು. ಮೂರು ದಾಳದಲ್ಲಿ ಮೂರು ಬೇರೆ ಬೇರೆ ಅಂಕಿ ಬಂದರೆ ಅಂಗಡಿಯವನು ಮೂವರಿಂದ ತೆಗೆದುಕೊಂಡು ಮೂವರಿಗೆ ಕೊಡುತ್ತಾನೆ, ಅವನಿಗೇನೂ ಇಲ್ಲ. ಜೋಡಿ ಬಿದ್ದರೆ? ನಾಲ್ವರು ಸೋತರು, ನಾಲ್ಕು ಬಂತು. ಜೋಡಿಯವನಿಗೆ ಎರಡು, ಇನ್ನೊಬ್ಬನಿಗೆ ಒಂದು, ಒಟ್ಟು ಮೂರು ಹೋಯಿತು. ಒಂದು ಉಳಿಯಿತು. ಮೂರೂ ಒಂದೇ ಬಿದ್ದರೆ ಐದು ಬಂದು ಮೂರು ಹೋಯಿತು, ಎರಡು ಉಳಿಯಿತು. ‘ಅವನಿಗೆ ನಷ್ಟ ಆಗೋ ಆಟವೇ ಇಲ್ಲ ಸಾರ್’ ಎಂದು ಕೂತಳು. ಡಬಲ್ ಬಿದ್ದಾಗ ಜನ ಕೇಕೆ ಹಾಕುತ್ತಾರಲ್ಲ, ಅಂಗಡಿಯವನ ಸಂಪಾದನೆ ಆಗುವುದು ಆಗಲೇ.

53 ಬೀಜದ ಹುಡುಗ ಒಪ್ಪಲಿಲ್ಲ. ಒಳ್ಳೆಯದೇ ಆಯಿತು. ಅವನ ವಿದ್ಯೆಯಿಂದಲೇ ಇನ್ನೊಂದು 72 ಆಟ ಆಡಲು ಹೇಳಿದೆ, 34ಕ್ಕೆ ಇಳಿದ. ಆಗಲೂ ‘ನಿನ್ನೆ ಕೈ ಚೆನ್ನಾಗಿತ್ತು’ ಎಂದ. ಎರಡು ಎಳೆಯ ಅಂಕಿಅಂಶದಿಂದ ಏನೂ ಸಾಬೀತಾಗುವುದಿಲ್ಲ, 34ರಿಂದಲೂ ಇಲ್ಲ, 53ರಿಂದಲೂ ಇಲ್ಲ. ಆದ್ದರಿಂದ ಅವನಿಗೆ ಬೇರೊಂದು ಪ್ರಶ್ನೆ ಕೊಟ್ಟೆ: ‘ಎರಡು ಸಲ ಬರದ ಅಂಕಿ ಮೂರನೆಯ ಸಲ ಬರಬೇಕೆಂದು ದಾಳಕ್ಕೆ ಹೇಗೆ ಗೊತ್ತು? ಇದು ನಾಣ್ಯವೋ, ಇಸ್ಪೀಟು ಕಟ್ಟೋ?’ ಮೂರು ದಿನ ಬಿಟ್ಟು ನೋಟ್‌ಬುಕ್ಕಿನಲ್ಲಿ ಒಂದೇ ಪದ ಬರೆದು ತಂದ: ‘ನಾಣ್ಯ.’

ಪೋಷಕರಿಗೆ ಅವತ್ತು ಉಳಿಸಿಕೊಂಡಿದ್ದ ಅರ್ಧ ಉತ್ತರ ಇದು. ಮುಂದಿನ ತಿಂಗಳು ನಮ್ಮೂರ ಜಾತ್ರೆ ಇದೆ. ದುಡ್ಡು ಕಟ್ಟದೆ ಬರೀ ನಿಂತು, ಮೂವತ್ತಾರು ಆಟದಲ್ಲಿ ಎಷ್ಟು ಸಲ ಜೋಡಿ ಬೀಳುತ್ತದೆ ಎಂದು ಎಣಿಸಿ. ಹದಿನೈದರ ಆಸುಪಾಸು ಬರಬೇಕು. ಬಹಳ ಕಡಿಮೆಯೋ ಬಹಳ ಹೆಚ್ಚೋ ಆದರೆ ಆ ದಾಳವನ್ನು 120 ಸಲ ಹಾಕಿ ನೋಡಬೇಕು. ಆದರೆ ಅಂಗಡಿಯವನು ಕೊಡುವುದಿಲ್ಲ.