ಹಬ್ಬದ ಜಾಹೀರಾತು: ಕತ್ತರಿಸುವಾಗ ಉಳಿಯಬೇಕಾದದ್ದು



ದೀಪಾವಳಿ ಸಮೀಪಿಸಿದಂತೆ ಸೋಲಾಪುರ, ಅಕ್ಕಲಕೋಟ, ಜತ್ತ ಭಾಗದ ಪೇಟೆಗಳಲ್ಲಿ ಅಂಗಡಿಗಳ ಕರಪತ್ರಗಳು ಮನೆಮನೆಗೆ ಬರುತ್ತವೆ. ಕೆಲವು ಮರಾಠಿಯಲ್ಲಿ, ಕೆಲವು ಕನ್ನಡದಲ್ಲಿ, ಹಲವು ಎರಡರಲ್ಲಿಯೂ ಇರುತ್ತವೆ. ಜಾಹೀರಾತು ಬರೆಯುವ ಅಭ್ಯಾಸಕ್ಕೆ ಮಕ್ಕಳ ಕೈಗೆ ಇದಕ್ಕಿಂತ ಹತ್ತಿರದ ಸಾಮಗ್ರಿ ಸಿಗಲಾರದು. ಆದರೆ ಸಂಕ್ಷೇಪಿಸಲು ಹೇಳಿದೊಡನೆ ವಿದ್ಯಾರ್ಥಿಗಳು ಬಹುಮಟ್ಟಿಗೆ ಒಂದೇ ಬಗೆಯ ತಪ್ಪು ಮಾಡುತ್ತಾರೆ. ಆ ತಪ್ಪಿನ ಬೇರು ಕನ್ನಡ ವಾಕ್ಯದ ರಚನೆಯಲ್ಲಿಯೇ ಇರುವುದರಿಂದ ಅದನ್ನು ಭಾಷಾ ಪಾಠವಾಗಿಯೇ ನೋಡಬೇಕಾಗುತ್ತದೆ.

ಅಭ್ಯಾಸಕ್ಕಾಗಿ ರಚಿಸಿದ ಒಂದು ಕರಡು ಹೀಗಿದೆ. ಬಟ್ಟೆ ಅಂಗಡಿಯೊಂದರ ಮಾಲೀಕರು ಇದನ್ನು ಮುದ್ರಕರಿಗೆ ಬರೆದುಕೊಟ್ಟಿದ್ದಾರೆಂದು ಭಾವಿಸಬೇಕು:

“ಸಮಸ್ತ ನಾಗರಿಕ ಬಂಧುಗಳಿಗೆ ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು. ಕತ್ತಲೆಯನ್ನು ಕಳೆದು ಬೆಳಕನ್ನು ತರುವ ಈ ಶುಭ ಸಂದರ್ಭದಲ್ಲಿ, ಕಳೆದ ನಲವತ್ತು ವರ್ಷಗಳಿಂದ ತಮ್ಮೆಲ್ಲರ ಪ್ರೀತಿ ವಿಶ್ವಾಸಗಳಿಗೆ ಪಾತ್ರವಾಗಿರುವ, ಗುಣಮಟ್ಟಕ್ಕೆ ಹೆಸರಾದ ನಮ್ಮ ಅಂಗಡಿಯಲ್ಲಿ ಎಲ್ಲ ವಯಸ್ಸಿನವರಿಗೂ ಒಪ್ಪುವ ಬಗೆಬಗೆಯ ನವನವೀನ ಬಟ್ಟೆಗಳ ಭವ್ಯ ಸಂಗ್ರಹ ಬಂದಿದ್ದು, ಗ್ರಾಹಕರ ಅನುಕೂಲಕ್ಕಾಗಿ ಹಬ್ಬ ಮುಗಿಯುವವರೆಗೆ ಇಳಕಲ್ ಸೀರೆಗಳಿಗೆ ಶೇ. 20 ಹಾಗೂ ಉಳಿದ ಬಟ್ಟೆಗಳಿಗೆ ಶೇ. 10ರವರೆಗೆ ವಿಶೇಷ ರಿಯಾಯಿತಿ ನೀಡಲಾಗುವುದು. ಅಲ್ಲದೆ ರೂ. 3000ಕ್ಕೆ ಮೇಲ್ಪಟ್ಟು ಖರೀದಿಸುವ ಗ್ರಾಹಕರಿಗೆ ಒಂದು ಸೋಲಾಪುರ ಚಾದರವನ್ನು ಉಚಿತವಾಗಿ ಕೊಡಲಾಗುವುದು. ಕಾರಣ ತಾವೆಲ್ಲರೂ ಸಹಕುಟುಂಬ ಸಹಪರಿವಾರ ಆಗಮಿಸಿ ಈ ಸುವರ್ಣಾವಕಾಶದ ಸದುಪಯೋಗ ಪಡೆದುಕೊಳ್ಳಬೇಕಾಗಿ ವಿನಂತಿ. ಸ್ಥಳ: ಹಳೆ ಬಸ್ ನಿಲ್ದಾಣದ ಎದುರು.”

ಇಲ್ಲಿ ಕೊಡುಗೆಯ ಮಾತು ಆರಂಭವಾಗುವುದು ಮೂವತ್ತೈದಕ್ಕೂ ಹೆಚ್ಚು ಪದಗಳನ್ನು ದಾಟಿದ ಮೇಲೆ. ಕನ್ನಡದಲ್ಲಿ ವಿಶೇಷಣವು ನಾಮಪದಕ್ಕೆ ಮೊದಲು ಬರುತ್ತದೆ, ಕ್ರಿಯಾಪದ ಕೊನೆಗೆ ನಿಲ್ಲುತ್ತದೆ. ಆದ್ದರಿಂದ ಹೊಗಳಿಕೆಯನ್ನು ಪೋಣಿಸುತ್ತ ಹೋದಷ್ಟೂ ಮುಖ್ಯ ವಿಷಯ ವಾಕ್ಯದ ಬಾಲಕ್ಕೆ ಸರಿಯುತ್ತದೆ. ಕರಪತ್ರವನ್ನು ಕೈಗೆತ್ತಿಕೊಂಡವನು ಅಷ್ಟು ದೂರ ಓದುವುದಿಲ್ಲ.

ಸಂಕ್ಷೇಪಿಸಲು ಕೊಟ್ಟಾಗ ವಿದ್ಯಾರ್ಥಿಯಿಂದ ಸಾಮಾನ್ಯವಾಗಿ ಬರುವ ರೂಪ ಇದು:

“ದೀಪಾವಳಿಯ ಭರ್ಜರಿ ರಿಯಾಯಿತಿ! ಇಳಕಲ್ ಸೀರೆ ಶೇ. 20, ಬಟ್ಟೆ ಶೇ. 10. ಸೋಲಾಪುರ ಚಾದರ ಉಚಿತ! ಇಂದೇ ಬನ್ನಿ!”

ನೋಡಲು ಚುರುಕಾಗಿದೆ. ಅನೇಕ ಶಿಕ್ಷಕರು ಇದಕ್ಕೆ ಒಳ್ಳೆಯ ಅಂಕವನ್ನೂ ಕೊಡುತ್ತಾರೆ. ಆದರೆ ಇದು ಮೊದಲಿನ ಕೊಡುಗೆಯಲ್ಲ, ಬೇರೊಂದು ಕೊಡುಗೆ. ಸಂಕ್ಷೇಪಿಸುವಾಗ ವಿದ್ಯಾರ್ಥಿ ದೊಡ್ಡ ನಾಮಪದಗಳನ್ನೂ ಅಂಕಿಗಳನ್ನೂ ಉಳಿಸಿಕೊಂಡು ಸಣ್ಣ ಪದಗಳನ್ನೂ ಪ್ರತ್ಯಯಗಳನ್ನೂ ಬಿಟ್ಟಿದ್ದಾನೆ. ಕೊಡುಗೆ ಇದ್ದದ್ದು ಆ ಸಣ್ಣ ಪದಗಳಲ್ಲಿಯೇ. ‘10ರವರೆಗೆ’ ಎಂಬುದರಲ್ಲಿನ ‘ವರೆಗೆ’ ಹೋದೊಡನೆ ಗರಿಷ್ಠ ಮಿತಿಯು ಖಚಿತ ವಾಗ್ದಾನವಾಯಿತು. ‘ಉಳಿದ’ ಎಂಬ ಪದ ಹೋದೊಡನೆ, ಸೀರೆಯೂ ಬಟ್ಟೆಯೇ ಆದುದರಿಂದ, ಇಪ್ಪತ್ತರ ಜೊತೆಗೆ ಹತ್ತೂ ಸೇರುವುದೆಂದು ಗ್ರಾಹಕಿ ವಾದಿಸಬಹುದು. ‘ಮೇಲ್ಪಟ್ಟು’ ಹೋದುದರಿಂದ ಒಂದು ಕರವಸ್ತ್ರ ಕೊಂಡವನೂ ಚಾದರ ಕೇಳಬಹುದು. ಅವಧಿ ಮತ್ತು ಸ್ಥಳ ಪೂರ್ತಿ ಮಾಯವಾಗಿವೆ. ಉಳಿಸಿದ ಜಾಗದಲ್ಲಿ ‘ಭರ್ಜರಿ’ ಎಂಬ ಪದವೂ ‘ಇಂದೇ ಬನ್ನಿ’ ಎಂಬ ಕರೆಯೂ ಹೊಸದಾಗಿ ಬಂದು ಕುಳಿತಿವೆ.

ಆದ್ದರಿಂದ ಕತ್ತರಿಸುವ ಮೊದಲು ಗುರುತಿಸುವ ಕೆಲಸ ನಡೆಯಬೇಕು. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಕರಡಿನಲ್ಲಿ ಯಾವುದಕ್ಕೆ, ಎಷ್ಟು, ಯಾರಿಗೆ, ಯಾವಾಗಿನಿಂದ ಯಾವಾಗಿನವರೆಗೆ, ಎಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವ ಪದಗಳ ಕೆಳಗೆ ಗೆರೆ ಎಳೆಯಲಿ. ಗೆರೆಯು ಪ್ರತ್ಯಯದ ಕೊನೆಯ ಅಕ್ಷರದವರೆಗೂ ಹೋಗಬೇಕು. ‘ಸೀರೆಗಳಿಗೆ’ ಎಂಬಲ್ಲಿ ‘ಸೀರೆ’ಗೆ ಮಾತ್ರ ಗೆರೆ ಎಳೆದು ನಿಲ್ಲಿಸಿದ ವಿದ್ಯಾರ್ಥಿ ಮುಂದೆ ‘ಗೆ’ಯನ್ನು ಕಳೆದುಕೊಳ್ಳುವುದು ಬಹುತೇಕ ಖಚಿತ. ಈ ಅಭ್ಯಾಸದಲ್ಲಿ ವಿಭಕ್ತಿ ಪ್ರತ್ಯಯಗಳ ಪಾಠವು ವ್ಯಾಕರಣದ ಪುಸ್ತಕದಿಂದ ಹೊರಬಂದು ಅಂಗಡಿಯ ಗಲ್ಲೆಯ ಮುಂದೆ ನಿಲ್ಲುತ್ತದೆ.

ಗೆರೆ ಎಳೆಯುವಾಗಲೇ ಕರಡಿನ ಮಸುಕೂ ಬೆಳಕಿಗೆ ಬರುತ್ತದೆ. ‘ಹಬ್ಬ ಮುಗಿಯುವವರೆಗೆ’ ಎಂದರೆ ಯಾವ ದಿನದವರೆಗೆ? ಕನ್ನಡ ಮನೆಯವರು ಬಲಿಪಾಡ್ಯಮಿಗೆ ದೀಪಾವಳಿ ಮುಗಿಯಿತೆನ್ನಬಹುದು. ಪಕ್ಕದ ಮರಾಠಿ ಮನೆಯವರು ಮರುದಿನದ ಭಾವುಬೀಜವನ್ನೂ ಹಬ್ಬದೊಳಗೆ ಎಣಿಸುತ್ತಾರೆ. ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಉಡುಗೊರೆ ಕೊಡುವ ಆ ದಿನವೇ ಸೀರೆಯ ಗಿರಾಕಿ ಬರುವ ಸಂಭವ ಹೆಚ್ಚು. ಗಡಿಭಾಗದಲ್ಲಿ ಈ ಒಂದು ದಿನದ ವ್ಯತ್ಯಾಸ ಜಗಳಕ್ಕೆ ಸಾಕು.

ಇದಕ್ಕಿಂತ ಸೂಕ್ಷ್ಮವಾದ ಮಸುಕು ‘ರೂ. 3000ಕ್ಕೆ ಮೇಲ್ಪಟ್ಟು’ ಎಂಬಲ್ಲಿದೆ. ಒಬ್ಬಾಕೆ ರೂ. 3500 ಬೆಲೆಯ ಇಳಕಲ್ ಸೀರೆ ಕೊಂಡಳೆಂದುಕೊಳ್ಳಬೇಕು. ಶೇ. 20 ರಿಯಾಯಿತಿ ಎಂದರೆ ರೂ. 700, ಆಕೆ ಕೊಡುವುದು ರೂ. 2800. ಬೆಲೆಚೀಟಿಯನ್ನು ನೋಡಿದರೆ ಚಾದರ ಸಿಗಬೇಕು, ಕೊಟ್ಟ ಹಣವನ್ನು ನೋಡಿದರೆ ಸಿಗಬಾರದು. ಕರಡು ಇದಕ್ಕೆ ಉತ್ತರ ಕೊಡುವುದಿಲ್ಲ. ಸರಿಯಾಗಿ ರೂ. 3000 ಆದರೆ ಏನು ಎಂಬುದಕ್ಕೂ ಉತ್ತರವಿಲ್ಲ. ಸಂಕ್ಷೇಪಿಸುವವನು ಇಲ್ಲಿ ತಾನೇ ಊಹಿಸಿ ತೀರ್ಮಾನಿಸುವಂತಿಲ್ಲ, ಮಾಲೀಕರನ್ನೇ ಕೇಳಬೇಕು. ತರಗತಿಯಲ್ಲಿ ಶಿಕ್ಷಕರೇ ಮಾಲೀಕರ ಸ್ಥಾನದಲ್ಲಿ ಕುಳಿತು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುವುದು ಒಳ್ಳೆಯದು. ಕೇಳದವನ ಕರಪತ್ರದಲ್ಲಿ ಆ ಮಸುಕು ಹಾಗೆಯೇ ಉಳಿಯುತ್ತದೆ, ಮುಂದಿನ ಪರೀಕ್ಷೆಯಲ್ಲಿ ಹೊರಬೀಳುತ್ತದೆ. ಇಲ್ಲಿ ಮಾಲೀಕರ ಉತ್ತರ ಹೀಗಿತ್ತೆಂದು ಇಟ್ಟುಕೊಳ್ಳಬಹುದು: ರಿಯಾಯಿತಿ ಕಳೆದು ಕೊಡುವ ಹಣವನ್ನೇ ಲೆಕ್ಕ ಹಿಡಿಯಬೇಕು, ಸರಿಯಾಗಿ ಮೂರು ಸಾವಿರವಾದರೂ ಚಾದರ ಉಂಟು, ಕೊಡುಗೆ ಧನತ್ರಯೋದಶಿಯಿಂದ ಭಾವುಬೀಜದ ರಾತ್ರಿ 9 ಗಂಟೆಯವರೆಗೆ.

ಇನ್ನು ತೆಗೆಯುವ ಕೆಲಸ. ಗೆರೆ ಬೀಳದ ಪದಗಳಿಗೆ ಒಂದು ಸರಳ ಪ್ರಶ್ನೆ ಸಾಕು: ಇದೇ ಮಾತನ್ನು ಎದುರಿನ ಅಂಗಡಿಯವನೂ ಅಚ್ಚು ಹಾಕಿಸಬಹುದೇ? ‘ಗುಣಮಟ್ಟಕ್ಕೆ ಹೆಸರಾದ’, ‘ನವನವೀನ’, ‘ಭವ್ಯ ಸಂಗ್ರಹ’, ‘ಸುವರ್ಣಾವಕಾಶ’ ಇವೆಲ್ಲ ಈ ಪ್ರಶ್ನೆಯ ಮುಂದೆ ಉದುರುತ್ತವೆ. ‘ನಲವತ್ತು ವರ್ಷ’ ಉದುರುವುದಿಲ್ಲ. ಅದು ನಿಜವಾಗಿದ್ದರೆ ಈ ಅಂಗಡಿಗೆ ಮಾತ್ರ ಸಲ್ಲುವ ಮಾತು, ಬೇಕಾದವರು ಪರೀಕ್ಷಿಸಿ ನೋಡಬಹುದು. ಅದನ್ನು ಅಂಗಡಿಯ ಹೆಸರಿನ ಪಕ್ಕದಲ್ಲಿ ಎರಡು ಪದಗಳಲ್ಲಿ ಇಡಬಹುದು. ‘ಕಾರಣ ತಾವೆಲ್ಲರೂ ಸಹಕುಟುಂಬ ಸಹಪರಿವಾರ’ ಎಂಬುದು ಲಗ್ನಪತ್ರಿಕೆಯ ಶೈಲಿ, ಮದುವೆಗೆ ಒಪ್ಪುತ್ತದೆ. ಶುಭಾಶಯದ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕು. ಹಬ್ಬದ ಹೆಸರೇ ಇಲ್ಲದ ಕರಪತ್ರ ಈ ಭಾಗದವರಿಗೆ ರೂಕ್ಷವೆನಿಸಬಹುದು. ಅದಕ್ಕೆ ‘ದೀಪಾವಳಿಗೆ’ ಎಂಬ ಒಂದು ಪದ ಮೇಲಿನ ಸಾಲಿನಲ್ಲಿದ್ದರೆ ಸಾಕು.

ಕೊನೆಗೆ ಕ್ರಿಯಾಪದಗಳು. ‘ನೀಡಲಾಗುವುದು’, ‘ಕೊಡಲಾಗುವುದು’ ಎಂಬವು ಕಚೇರಿಯ ಸುತ್ತೋಲೆಯಿಂದ ಬಂದ ಅತಿಥಿಗಳು. ಚತುರ್ಥಿಯ ‘ಗೆ’ ಇರುವಲ್ಲಿ ಕನ್ನಡ ವಾಕ್ಯ ಕ್ರಿಯಾಪದವಿಲ್ಲದೆಯೂ ಪೂರ್ಣವಾಗಿ ನಿಲ್ಲಬಲ್ಲದು. ‘ಇಳಕಲ್ ಸೀರೆಗೆ ಶೇ. 20 ರಿಯಾಯಿತಿ’ ಎಂದರೆ ಯಾರಿಗೂ ಕೊರತೆ ಕಾಣದು. ಈ ಎಲ್ಲ ಕೆಲಸ ಮುಗಿದ ಮೇಲೆ ಉಳಿಯುವ ರೂಪ:

ದೀಪಾವಳಿಗೆ ಇಳಕಲ್ ಸೀರೆ: ಶೇ. 20 ರಿಯಾಯಿತಿ
ಉಳಿದ ಬಟ್ಟೆಗಳಿಗೆ ಶೇ. 10ರವರೆಗೆ
ಕೊಡುವ ಹಣ ರೂ. 3000 ಅಥವಾ ಹೆಚ್ಚಾದರೆ ಒಂದು ಸೋಲಾಪುರ ಚಾದರ ಉಚಿತ
ಧನತ್ರಯೋದಶಿಯಿಂದ ಭಾವುಬೀಜದ ರಾತ್ರಿ 9ರವರೆಗೆ
(ಅಂಗಡಿಯ ಹೆಸರು), 40 ವರ್ಷಗಳಿಂದ, ಹಳೆ ಬಸ್ ನಿಲ್ದಾಣದ ಎದುರು

ಮೂರನೆಯ ಸಾಲು ಉಳಿದವಕ್ಕಿಂತ ಉದ್ದವಾಗಿದೆ. ಅದನ್ನು ಇನ್ನಷ್ಟು ಚಿಕ್ಕದು ಮಾಡುವ ಆಸೆ ವಿದ್ಯಾರ್ಥಿಗಳಿಗೆ ಬರುತ್ತದೆ, ಬಿಡಬಾರದು. ‘ಕೊಡುವ ಹಣ’ ಎಂಬ ಎರಡು ಪದಗಳು ಕರಡಿನಲ್ಲಿ ಇರಲೇ ಇಲ್ಲ. ಸಂಕ್ಷೇಪದಲ್ಲಿ ಹೊಸದಾಗಿ ಸೇರಿದವು. ಹೀಗಾಗಿ ಎರಡು ಪದ ಕೂಡಿಸಬೇಕಾದ ಸ್ಥಳವೂ ಸಂಕ್ಷೇಪದಲ್ಲಿ ಬರುವುದುಂಟು.

ಉಳಿದದ್ದು ಸರಿಯೇ ಎಂದು ತಿಳಿಯಲು ಅಂಗಡಿಯಾಟಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಒಬ್ಬ ವಿದ್ಯಾರ್ಥಿನಿ ಗ್ರಾಹಕಿಯಾಗಲಿ, ಆಕೆಯ ಕೈಯಲ್ಲಿ ಸಂಕ್ಷೇಪ ಮಾತ್ರ ಇರಲಿ. ಇನ್ನೊಬ್ಬ ಅಂಗಡಿಕಾರನಾಗಲಿ, ಅವನ ಬಳಿ ಮೂಲ ಕರಡು ಮತ್ತು ಮಾಲೀಕರ ಉತ್ತರಗಳಿರಲಿ. ರೂ. 3500ರ ಸೀರೆ, ರೂ. 600ರ ಅಂಗಿ, ಇಬ್ಬರೂ ಬೇರೆಬೇರೆಯಾಗಿ ಬಿಲ್ಲು ಬರೆಯಬೇಕು. ಅಂಗಿಗೆ ಅಂಗಡಿಕಾರ ಶೇ. 5 ಮಾತ್ರ ಕಡಿಮೆ ಮಾಡಿ ರೂ. 570 ಹಿಡಿದರೆ ಮೊತ್ತ ರೂ. 3370. ಮೊದಲಿನ ಚುರುಕು ಸಂಕ್ಷೇಪವನ್ನು ಓದಿದ ಗ್ರಾಹಕಿ ರೂ. 540 ಎಂದು ಬರೆದಿರುತ್ತಾಳೆ, ಮೊತ್ತ ರೂ. 3340. ಆ ಮೂವತ್ತು ರೂಪಾಯಿಯ ಅಂತರವೇ ಬಿಟ್ಟುಹೋದ ‘ವರೆಗೆ’. ಐದು ಸಾಲಿನ ರೂಪ ಹಿಡಿದವಳು ಮಾತ್ರ ಬರೆಯುವ ಮೊದಲು “ಅಣ್ಣಾ, ಈ ಅಂಗಿಗೆ ಎಷ್ಟು ಬಿಡುತ್ತೀರಿ?” ಎಂದು ಕೇಳುತ್ತಾಳೆ. ಬಳಿಕ ಸೀರೆಯೊಂದನ್ನೇ ಕೊಂಡು ಅದೇ ಆಟ ಆಡಿಸಬಹುದು. ಚಾದರದ ಪ್ರಶ್ನೆ ಆಗ ಏಳುತ್ತದೆ.

ದ್ವಿಭಾಷಾ ಕರಪತ್ರಗಳ ಬಗ್ಗೆ ಎರಡು ಮಾತು. ಮರಾಠಿಯ ‘ಸೂಟ’ ಎಂಬುದನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆಯುವ ರೂಢಿ ಇದೆ. ಮಾತಿನಲ್ಲಿ ತೊಡಕಿಲ್ಲ, ಆದರೆ ಬಟ್ಟೆ ಅಂಗಡಿಯ ಕರಪತ್ರದಲ್ಲಿ ‘ಶೇ. 20 ಸೂಟ’ ಎಂದು ಓದಿದವನಿಗೆ ಕೋಟು ಪ್ಯಾಂಟಿನ ಸೂಟು ನೆನಪಾದರೆ ಅವನದು ತಪ್ಪಲ್ಲ. ‘ರಿಯಾಯಿತಿ’ ಎಂಬುದೇ ಲೇಸು. ಎರಡನೆಯದು, ಕನ್ನಡದಲ್ಲಿ ಆಕರ್ಷಕ ಸಾಲನ್ನಷ್ಟೇ ಬರೆದು ನಿಬಂಧನೆಯನ್ನು ಮರಾಠಿಯ ಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಇಡುವ ಪದ್ಧತಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು 2022ರ ಜೂನ್ ತಿಂಗಳಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದರ ವಿವರಣೆಯ ಟಿಪ್ಪಣಿಯೂ ಅದೇ ಭಾಷೆಯಲ್ಲಿ, ಎದ್ದು ಕಾಣುವಂತೆ ಇರಬೇಕು. ಆದ್ದರಿಂದ ಎರಡು ಭಾಷೆಯ ಹಾಳೆಯಲ್ಲಿ ‘ರೂ. 3000 ಅಥವಾ ಹೆಚ್ಚಾದರೆ’ ಎಂಬುದು ಎರಡು ಸಲ ಅಚ್ಚಾಗಬೇಕು. ಮುದ್ರಕರು ಜಾಗ ಸಾಲದೆಂದರೆ ಹಣತೆಯ ಚಿತ್ರವನ್ನು ಸ್ವಲ್ಪ ಕಿರಿದು ಮಾಡಿಸಬಹುದು.