ಊಟದ ಕರೆಯೋ, ಬಾಕಿಯ ಕರೆಯೋ?

ಕೊಣ್ಣೂರಿನಲ್ಲಿ ನನ್ನ ಗೆಳೆಯರೊಬ್ಬರದು ಬೀಜ-ಗೊಬ್ಬರದ ಚಿಕ್ಕ ಅಂಗಡಿ. ಒಂದು ದೀಪಾವಳಿಗೆ ಅವರು ಗಿರಾಕಿಗಳಿಗೆ ಊಟ ಹಾಕಿಸಿದರು. ಆಮಂತ್ರಣ ಬರೆದುಕೊಟ್ಟವನು ನಾನು: ‘ಲಕ್ಷ್ಮೀಪೂಜೆಗೂ ಭೋಜನಕ್ಕೂ ಸಹಕುಟುಂಬ ದಯಮಾಡಿಸಬೇಕು.’

ವಾಕ್ಯವೇನೋ ಸೊಗಸಾಗಿತ್ತು. ಆದರೆ ಲಕ್ಷ್ಮೀಪೂಜೆಯೆಂದರೆ ವ್ಯಾಪಾರಿ ಹೊಸ ಖಾತೆಪುಸ್ತಕವನ್ನು ಪೂಜಿಸುವ ದಿನ. ಬಾಕಿಯುಳ್ಳ ರೈತರು ಅದನ್ನು ವಸೂಲಿಯ ಕರೆಯೆಂದೇ ಓದಿಕೊಂಡು ಬಾರದೆ ಉಳಿದರು. ಬಂದವರು ಮನೆಮಂದಿಯೊಡನೆ ಬಂದುದರಿಂದ ಎರಡನೆಯ ಪಂಕ್ತಿ ಹಾಕಬೇಕಾಯಿತು. ದೊಡ್ಡ ಗಿರಾಕಿಗಳನ್ನು ಮೊದಲ ಪಂಕ್ತಿಗೆ ಕೂರಿಸಿದ್ದೆವು. ಕಾದು ನಿಂತವರಿಗೆ ತಮ್ಮ ಬೆಲೆ ಎಷ್ಟೆಂಬುದು ಅಲ್ಲಿಯೇ ತಿಳಿದುಹೋಯಿತು.

ಮರುವರ್ಷ ಊಟವನ್ನು ಪೂಜೆಯಿಂದ ಎಂಟು ದಿನ ಮುಂದೆ ಹಾಕಿದೆವು. ‘ತಾವು, ಜೊತೆಗೆ ಮನೆಯ ಇನ್ನೊಬ್ಬರು ಊಟಕ್ಕೆ ಬರಬೇಕು. ಅಂದು ಲೆಕ್ಕದ ಮಾತಿಲ್ಲ’ ಎಂದು ಬರೆದೆ. 20 ಪತ್ರಗಳಿಗೆ 40 ಎಲೆ. ಒಬ್ಬರಿಗೆ 2 ಅಡಿಯಂತೆ, ಹತ್ತು ಜನರ ಸಾಲಿಗೆ 20 ಅಡಿ. ಅಂಗಳದಲ್ಲಿ ಎದುರುಬದುರಾಗಿ ನಾಲ್ಕು ಸಾಲು, ನಡುವೆ ಬಡಿಸುವವರು ಓಡಾಡಲು 5 ಅಡಿ. ಎಲ್ಲರದೂ ಒಂದೇ ಪಂಕ್ತಿ. ಬಂದ ಕ್ರಮದಲ್ಲಿ ಕೂರಿಸಿದೆವು. ಕೆಳಗೆ ಕೂರಲಾರದ ಹಿರಿಯರಿಗೆ ಮಾತ್ರ ಸಾಲಿನ ತುದಿಯಲ್ಲಿ ಬೆಂಚು.

ಆದರೂ ಬರೆದ ಮಾತನ್ನು ನಡೆಸಿ ತೋರಿಸಬೇಕಲ್ಲ? ಗೆಳೆಯರು ಖಾತೆಪುಸ್ತಕಗಳನ್ನು ಒಳಮನೆಯಲ್ಲಿಟ್ಟು ಬೀಗ ಹಾಕಿದರು. ಮೂರು ಹಂಗಾಮಿನ ಬಾಕಿ ಹೊತ್ತ ಮುದುಕರೊಬ್ಬರು ಬಾಗಿಲಲ್ಲಿ ನಿಂತು, ಬರಿದಾಗಿದ್ದ ಗದ್ದಿಗೆಯತ್ತ ಒಮ್ಮೆ ನೋಡಿದರು. ಬಳಿಕ ಕೈಕಾಲು ತೊಳೆದು ಬಂದು, ಎಲೆಯ ಮುಂದೆ ಕುಳಿತರು.